ಬೇಚರಾಕ್ ಊರೂ ಎರೆಭೂತದ ಲೆಕ್ಕವೂ

ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿ ಬೇಚರಾಕ್ ಗ್ರಾಮ ಎಂಬ ಮಾತೊಂದು ಉಂಟು. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪವಿಲ್ಲದ ಊರು ಎಂದು ಅರ್ಥ. ಅಂಥ ಊರಿಗೆ ಹೆಸರಿದೆ, ಎಲ್ಲೆ ಇದೆ, ಸರ್ವೆ ನಂಬರುಗಳಿವೆ. ಸಂಜೆಯಾದರೆ ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಕಡೆಯ ತಾಲ್ಲೂಕುಗಳ ಹಳಬರನ್ನು ವಿಚಾರಿಸಿದರೆ, ಹೊಲದ ನಡುವೆ ಒಂದು ಹಾಳು ಗುಡಿಯನ್ನೋ ಹೂಳು ತುಂಬಿದ ಬಾವಿಯನ್ನೋ ತೋರಿಸಿ, ‘ಇಲ್ಲೊಂದು ಊರಿತ್ತಂತೆ’ ಎನ್ನುವುದುಂಟು.

ಊರು ಹಾಳಾದುದೇಕೆ ಎಂದರೆ ಬರ ಬಂತು, ಪ್ಲೇಗು ಬಂತು ಎಂದು ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮೀರಿತ್ತು. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದುಹೋಯಿತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ ಉಳಿದಿದ್ದರು. 1898ರಿಂದ ಪ್ಲೇಗೂ ಸಂಸ್ಥಾನವನ್ನು ಹೊಕ್ಕಿತು. ಆದರೆ ಈ ಉತ್ತರದಿಂದ ಪ್ರಶ್ನೆ ಪೂರ್ತಿ ಬಗೆಹರಿಯದು. ಅದೇ ಬರ ಪಕ್ಕದ ದೊಡ್ಡ ಊರಿಗೂ ಬಂದಿತ್ತು. ಅಲ್ಲಿಯೂ ಜನ ಸತ್ತರು. ಆದರೂ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಊರು ಮತ್ತೆ ತುಂಬಿಕೊಂಡಿತು. ಚಿಕ್ಕ ಊರು ಮಾತ್ರ ಬರ ಹೋದ ಮೇಲೂ, ಒಳ್ಳೆಯ ಮಳೆ ಬಿದ್ದ ಮೇಲೂ ಕರಗುತ್ತಲೇ ಹೋಯಿತು. ಇದು ಏಕೆ?

ಹಳೆಯ ಗ್ರಾಮಜೀವನವನ್ನು ಬಲ್ಲವರು ಇದಕ್ಕೆ ಕಾರಣವನ್ನು ಊಹಿಸಬಲ್ಲರು. ಊರೆಂದ ಮೇಲೆ ಕಮ್ಮಾರ, ಬಡಗಿ, ಅಗಸ, ತಳವಾರ, ನೀರುಗಂಟಿ ಬೇಕು. ಇವರು ಬದುಕುತ್ತಿದ್ದುದು ಸುಗ್ಗಿಯಲ್ಲಿ ಕಣದಿಂದ ಸಿಗುವ ಆಯದಿಂದ. ಐವತ್ತು ಒಕ್ಕಲು ಕೊಟ್ಟ ಆಯದಿಂದ ಕಮ್ಮಾರನ ಸಂಸಾರ ನಡೆಯುತ್ತದೆ. ಹತ್ತು ಒಕ್ಕಲು ಕೊಟ್ಟರೆ ನಡೆಯದು. ಅವನು ಕುಲುಮೆ ಕಿತ್ತುಕೊಂಡು ದೊಡ್ಡ ಊರಿಗೆ ಹೊರಡುತ್ತಾನೆ. ಕುಳ ಹಣಿಸುವುದಕ್ಕೂ ಎರಡು ಹರದಾರಿ ನಡೆಯಬೇಕಾದಾಗ ಹನ್ನೊಂದನೆಯ ಒಕ್ಕಲು ಈ ಊರಿಗೆ ಬರುವುದಿರಲಿ, ಹತ್ತನೆಯದೇ ಬಿಟ್ಟು ಹೊರಡುತ್ತದೆ. ಉಳಿದ ಒಂಬತ್ತಕ್ಕೆ ಬದುಕು ಇನ್ನೂ ಕಷ್ಟ. ಊರು ಚಿಕ್ಕದಾದುದಕ್ಕೆ ಕಾರಣ ಬರವಾಗಿರಬಹುದು. ಆದರೆ ಅದು ಅಳಿದುದಕ್ಕೆ ಕಾರಣ ಚಿಕ್ಕದಾದುದೇ.

ಈ ವಿಚಾರವನ್ನು ಮನುಷ್ಯರಲ್ಲಿ ಅಳೆದು ನೋಡುವುದು ಕಷ್ಟ. ಮನುಷ್ಯ ಗಾಡಿ ಹೂಡಿಕೊಂಡು ಬೇರೆ ಕಡೆ ಹೋಗಿಬಿಡುತ್ತಾನೆ. ಅಳೆದು ನೋಡಿದವರು ಪ್ರಾಣಿಶಾಸ್ತ್ರಜ್ಞರು. ಅದನ್ನು ವಿವರಿಸಲು ಬೇಕಾದ ಉದಾಹರಣೆಯೂ ನಮ್ಮ ನೆರೆಯಲ್ಲೇ ಇದೆ. ಹೊನ್ನಾಳಿಯ ಉತ್ತರಕ್ಕೆ, ತುಂಗಭದ್ರೆಯ ಆಚೆ, ರಾಣೆಬೆನ್ನೂರಿನ ಬಯಲಿನಲ್ಲಿ ಒಮ್ಮೆ ವಾಸವಾಗಿದ್ದ ಎರೆಭೂತವೆಂಬ ಹಕ್ಕಿಯೇ ಆ ಉದಾಹರಣೆ.

ಎರೆ ಎಂದರೆ ಕಪ್ಪು ಮಣ್ಣಿನ ನೆಲ. ಆ ನೆಲದ ಬಯಲಿನಲ್ಲಿ ಹುಲ್ಲಿನ ನಡುವಿನಿಂದ ಥಟ್ಟನೆ ತಲೆಯೆತ್ತುವ ಹಕ್ಕಿಯನ್ನು ನಮ್ಮ ರೈತರು ಭೂತವೆಂದು ಕರೆದದ್ದು ಸಹಜವೇ. ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಬಲಿತ ಗಂಡಿನ ತೂಕ ಹದಿನೈದು ಕಿಲೋದವರೆಗೂ ಇರುವುದುಂಟು. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಲೋಕದಲ್ಲಿಯೇ ಕೆಲವು. ಮಳೆಗಾಲದ ಸುಮಾರಿಗೆ ಗಂಡು ಎತ್ತರದ ಜಾಗವೊಂದನ್ನು ಆರಿಸಿಕೊಂಡು, ಕೊರಳಿನ ಚೀಲವನ್ನು ಉಬ್ಬಿಸಿ, ಬಾಲವೆತ್ತಿ, ದೂರಕ್ಕೆ ಕೇಳುವಂತೆ ಗಂಭೀರವಾಗಿ ಹೂಂಕರಿಸುತ್ತದೆ. ಹೆಣ್ಣು ಆ ದನಿಯನ್ನು ಕೇಳಿ, ನೋಡಿ, ಮೆಚ್ಚಿ ಅಲ್ಲಿಗೆ ಬರುತ್ತದೆ. ಕೂಡಿದ ಬಳಿಕ ಗಂಡಿನ ಹೊಣೆ ಮುಗಿಯಿತು. ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಸುಮಾರು ನಾಲ್ಕು ವಾರ ಕಾವು ಕೊಟ್ಟು, ಮರಿಯನ್ನು ತಿಂಗಳುಗಟ್ಟಲೆ ಜೊತೆಯಲ್ಲಿಟ್ಟುಕೊಂಡು ಸಲಹುತ್ತದೆ. ಮುಂದಿನ ಲೆಕ್ಕವೆಲ್ಲ ಈ ನಡತೆಯಿಂದ ಹುಟ್ಟುವುದರಿಂದ ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಂದು ಕಾಲದಲ್ಲಿ ದಖ್ಖಣದ ಬಯಲುಗಳಲ್ಲಿ ಇವು ಎಷ್ಟಿದ್ದುವೆಂಬುದಕ್ಕೆ ಒಂದು ಸಾಕ್ಷ್ಯವಿದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬೇಟೆಗಾರ 1809ರಿಂದ 1829ರವರೆಗೆ ಅಹಮದ್‌ನಗರದ ಪ್ರಾಂತದಲ್ಲಿ ಇಂಥ 961 ಹಕ್ಕಿಗಳನ್ನು ಹೊಡೆದನೆಂದು ಹೇಳುತ್ತಾರೆ. ಒಬ್ಬನೇ ಮನುಷ್ಯ, ವರ್ಷಕ್ಕೆ ಸರಾಸರಿ ಐವತ್ತರ ಹತ್ತಿರ! ಆದರೂ ಇಪ್ಪತ್ತು ವರ್ಷಗಳ ಉದ್ದಕ್ಕೂ ಅವನಿಗೆ ಹೊಡೆಯಲು ಹಕ್ಕಿ ಸಿಕ್ಕುತ್ತಲೇ ಇತ್ತೆಂಬುದು ಗಮನಿಸಬೇಕಾದ ಮಾತು. ಅಂದು ಐವತ್ತನ್ನು ಕಳೆದುಕೊಂಡು ತಾಳಿಕೊಂಡ ಹಕ್ಕಿ ಇಂದು ಒಂದನ್ನು ಕಳೆದುಕೊಂಡರೂ ತಾಳದು. 1969ರಲ್ಲಿ ಇಡೀ ದೇಶದಲ್ಲಿ ಇವು ಸುಮಾರು 1,260 ಇದ್ದಾವೆಂದು ಅಂದಾಜು ಮಾಡಿದ್ದರು. ಈಗ ನೂರೈವತ್ತರ ಆಸುಪಾಸು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಥಾರ್ ಮರುಭೂಮಿಯವು. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿವೆ.

ಜೀವಿಗಳ ಸಂಖ್ಯೆಯ ಬಗ್ಗೆ ಹಳೆಯ ಶಾಸ್ತ್ರ ಹೇಳುತ್ತಿದ್ದುದು ಬೇರೆಯೇ ಮಾತು. 1798ರಲ್ಲಿ ಮಾಲ್ತಸ್, 1838ರಲ್ಲಿ ಬೆಲ್ಜಿಯಮ್ಮಿನ ಗಣಿತಜ್ಞ ವರ್‌ಹುಲ್ಸ್ಟ್ ಇಬ್ಬರೂ ಚಿಂತಿಸಿದ್ದು ಗುಂಪು ದೊಡ್ಡದಾದರೆ ಏನಾಗುವುದೆಂದು. ತಿನ್ನುವ ಬಾಯಿಗಳು ಹೆಚ್ಚಿದಷ್ಟೂ ತಲೆಗೆ ಸಿಗುವ ಪಾಲು ಕಡಿಮೆ. ಗುಂಪು ಚಿಕ್ಕದಿದ್ದಷ್ಟೂ ಒಂದೊಂದು ಜೀವಿಯೂ ಸುಖವಾಗಿದ್ದು ಬೇಗ ಬೇಗ ಹೆಚ್ಚುತ್ತದೆ ಎಂಬುದು ಅವರ ಲೆಕ್ಕದಿಂದ ಹೊರಡುವ ಅರ್ಥ. ಇದು ನಿಜವಾದರೆ ಕೊನೆಯ ಹತ್ತು ಎರೆಭೂತಗಳೇ ಎಲ್ಲಕ್ಕಿಂತ ಸುಖಿಗಳಾಗಿರಬೇಕಿತ್ತು!

ಇದಕ್ಕೆ ಎದುರುಮಾತು ಆಡಿದವನು ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ವಾರ್ಡರ್ ಕ್ಲೈಡ್ ಆಲೀ. 1931ರಲ್ಲಿ ಪ್ರಾಣಿಗಳ ಗುಂಪುಗೂಡುವಿಕೆಯ ಮೇಲೆ ಅವನ ಗ್ರಂಥ ಬಂತು. ಮರುವರ್ಷ ಅವನೂ ಅವನ ಸಹೋದ್ಯೋಗಿಯೂ ಹೊನ್ನಿನ ಮೀನುಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆಳ್ಳಿಯ ಸೂಕ್ಷ್ಮ ಕಣಗಳಿಂದ ವಿಷವಾದ ನೀರಿನಲ್ಲಿ ಒಂಟಿಯಾಗಿ ಬಿಟ್ಟ ಮೀನಿಗಿಂತ, ಅಷ್ಟೇ ನೀರಿನಲ್ಲಿ ಹತ್ತು ಸೇರಿಸಿ ಬಿಟ್ಟ ಮೀನುಗಳು ಎರಡು ಪಟ್ಟಿಗೂ ಹೆಚ್ಚು ಕಾಲ ಬದುಕಿದುವು. ಇದರಲ್ಲಿ ಮಾಯವೇನೂ ಇಲ್ಲ. ಮೀನಿನ ಮೈಯ ಲೋಳೆ ಬೆಳ್ಳಿಯನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಹತ್ತು ಮೀನುಗಳ ಲೋಳೆ ನೀರನ್ನು ಬೇಗ ಶುದ್ಧಿಮಾಡಿತು. ಒಂದರ ಲೋಳೆ ಸಾಲದೆ ಹೋಯಿತು. ಒಂದು ಮಿತಿಯವರೆಗೆ ಸಂಖ್ಯೆಯೇ ರಕ್ಷೆ ಎಂಬ ಈ ತತ್ತ್ವಕ್ಕೆ ಶಾಸ್ತ್ರಜ್ಞರು ಆಲೀಯ ಹೆಸರನ್ನೇ ಇಟ್ಟಿದ್ದಾರೆ.

ಇದನ್ನು ಎರೆಭೂತಕ್ಕೆ ಅನ್ವಯಿಸಿ ಒಂದು ಸಣ್ಣ ಲೆಕ್ಕ ಮಾಡೋಣ. ಇಲ್ಲಿಯ ಅಂಕಿಗಳು ವಿಷಯ ತಿಳಿಯಲೆಂದು ನಾವೇ ಇಟ್ಟುಕೊಂಡವು; ಬಯಲಿನಲ್ಲಿ ಅಳೆದು ತಂದವಲ್ಲ. ಗುಂಪಿನಲ್ಲಿ ಅರ್ಧ ಹೆಣ್ಣು. ಗಂಡು ಸಿಕ್ಕಿದ ಹೆಣ್ಣುಗಳಲ್ಲಿ ಹತ್ತಕ್ಕೆ ನಾಲ್ಕು ವರ್ಷಕ್ಕೊಂದು ಮರಿಯನ್ನು ಬಲಿಯುವವರೆಗೆ ಸಾಕುತ್ತವೆ. ಉಳಿದವುಗಳ ಮೊಟ್ಟೆಯೋ ಮರಿಯೋ ನರಿ, ನಾಯಿ, ಹದ್ದುಗಳ ಪಾಲು. ಬಲಿತ ಹಕ್ಕಿಗಳಲ್ಲಿ ವರ್ಷಕ್ಕೆ ನೂರಕ್ಕೆ ಹತ್ತು ಸಾಯುತ್ತವೆ. ಇನ್ನು ಉಳಿದದ್ದು ಹೆಣ್ಣಿಗೆ ಗಂಡು ಸಿಗುವ ಸಂಭವ. ಗುಂಪು ದೊಡ್ಡದಿದ್ದರೆ ಹೂಂಕಾರ ಎಲ್ಲೆಡೆ ಕೇಳುತ್ತದೆ. ಚಿಕ್ಕದಿದ್ದರೆ ಹೆಣ್ಣು ಹರದಾರಿಗಟ್ಟಲೆ ನಡೆದರೂ ದನಿ ಕಿವಿಗೆ ಬೀಳದು. ಆದುದರಿಂದ ಗುಂಪಿನ ಸಂಖ್ಯೆಯನ್ನು, ಅದಕ್ಕೆ ಇಪ್ಪತ್ತು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆ ಸಂಭವವೆನ್ನೋಣ. ಹತ್ತು ಹಕ್ಕಿಗಳಿದ್ದರೆ ಮೂರರಲ್ಲಿ ಒಂದು ಪಾಲು, ಇಪ್ಪತ್ತಿದ್ದರೆ ಅರ್ಧ, ನಲವತ್ತಿದ್ದರೆ ಮೂರರಲ್ಲಿ ಎರಡು ಪಾಲು.

ಈಗ ಕೂಡಿ ಕಳೆಯೋಣ. ನಲವತ್ತು ಹಕ್ಕಿಗಳ ಗುಂಪಿನಲ್ಲಿ ಇಪ್ಪತ್ತು ಹೆಣ್ಣು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಗಂಡು ಸಿಕ್ಕಿ, ಅವುಗಳಲ್ಲಿ ಹತ್ತಕ್ಕೆ ನಾಲ್ಕು ಮರಿ ಸಾಕಿದರೆ, ವರ್ಷಕ್ಕೆ ಐದಕ್ಕಿಂತ ತುಸು ಹೆಚ್ಚು ಹೊಸ ಹಕ್ಕಿ ಸೇರುತ್ತವೆ, ಸಾಯುವುವು ನಾಲ್ಕು. ಗುಂಪು ಬೆಳೆಯುತ್ತದೆ. ಇಪ್ಪತ್ತರ ಗುಂಪಿನಲ್ಲಿ ಸೇರುವುವು ಎರಡು, ಸಾಯುವುವು ಎರಡು. ಅದು ನಿಂತಲ್ಲೇ ನಿಲ್ಲುತ್ತದೆ. ಹತ್ತರ ಗುಂಪಿನಲ್ಲಿ ಮೂರು ವರ್ಷಕ್ಕೆ ಸಾಯುವುವು ಮೂರು, ಹುಟ್ಟಿ ಬೆಳೆಯುವುವು ಎರಡು. ಗುಂಪು ಕರಗುತ್ತದೆ, ಕರಗಿದಷ್ಟೂ ಜೊತೆ ಸಿಗುವ ಸಂಭವ ಕುಗ್ಗಿ, ತಲೆಯೆಣಿಕೆಯಲ್ಲಿ ಮತ್ತಷ್ಟು ಬೇಗ ಕರಗುತ್ತದೆ. ನೆಲ ಅದೇ, ಹುಲ್ಲು ಅದೇ, ನರಿ ಅದೇ. ಬೇರೆಯಾದುದು ಎಣಿಕೆ ಒಂದೇ.

ಹುಟ್ಟು ಸಾವುಗಳು ಸರಿಸಮವಾಗುವ ಸಂಖ್ಯೆಗೆ ಶಾಸ್ತ್ರದಲ್ಲಿ ಸಮತೋಲದ ಬಿಂದು ಎಂದು ಹೆಸರು. ಇಲ್ಲಿ ಅಂಥವು ಮೂರಿವೆ. ಒಂದು ಸೊನ್ನೆ: ಹಕ್ಕಿಯೇ ಇಲ್ಲದಾಗ ಹುಟ್ಟೂ ಇಲ್ಲ, ಸಾವೂ ಇಲ್ಲ. ಇನ್ನೊಂದು, ಬಯಲು ಹೊರಬಲ್ಲ ಹೆಚ್ಚಿನ ಸಂಖ್ಯೆ: ಅದಕ್ಕೆ ಮೀರಿದರೆ ತಾಣವೂ ಆಹಾರವೂ ಸಾಲದೆ ಗುಂಪು ಮತ್ತೆ ಕುಗ್ಗುತ್ತದೆ. ಇವೆರಡರ ನಡುವೆ ನಮ್ಮ ಲೆಕ್ಕದ ಇಪ್ಪತ್ತು. ಚನ್ನಗಿರಿಯ ಸೂಳೆಕೆರೆಯ ಏರಿಯನ್ನು ನೋಡಿದವರಿಗೆ ಈ ಮೂರರ ಭೇದ ಹೇಳುವುದು ಸುಲಭ. ಏರಿಯ ನೆತ್ತಿಯ ಮೇಲೆ ಒಂದು ಕುಂಬಳಕಾಯನ್ನು ನಾಜೂಕಾಗಿ ನಿಲ್ಲಿಸಬಹುದು. ಆದರೆ ಗಾಳಿ ಈ ಕಡೆ ತಳ್ಳಿದರೆ ಅದು ಗದ್ದೆಗೆ ಉರುಳುತ್ತದೆ, ಆ ಕಡೆ ತಳ್ಳಿದರೆ ನೀರಿಗೆ. ನೆತ್ತಿಯದು ಅಸ್ಥಿರ ಸಮತೋಲ. ಕೆಳಗೆ ಬಿದ್ದ ಕಾಯನ್ನು ತುಸು ಅಲುಗಿಸಿದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದು ಸ್ಥಿರ ಸಮತೋಲ. ಸೊನ್ನೆಯೂ ಬಯಲಿನ ತುಂಬು ಸಂಖ್ಯೆಯೂ ಸ್ಥಿರ. ಇಪ್ಪತ್ತು ಏರಿಯ ನೆತ್ತಿ. ಬದುಕಿನ ಹೊಸ್ತಿಲು ಅದೇ.

ಈ ಲೆಕ್ಕದ ಮುಖ್ಯ ಪಾಠ ಇನ್ನು ಬರುತ್ತದೆ. ಬಯಲಿನ ಮೇಲೆ ವಿದ್ಯುತ್ ತಂತಿಗಳು ಹಾದುಹೋದುವೆನ್ನೋಣ. ಎರೆಭೂತದ ಕಣ್ಣು ನೇರ ಮುಂದಕ್ಕೆ ಚೆನ್ನಾಗಿ ಕಾಣದು. ಮೈ ಭಾರವಾದ್ದರಿಂದ ಥಟ್ಟನೆ ಹೊರಳಲೂ ಆರದು. ತಂತಿಗೆ ಬಡಿದು ನೂರಕ್ಕೆ ಐದು ಹೆಚ್ಚು ಸತ್ತರೆ, ಸಾವು ನೂರಕ್ಕೆ ಹದಿನೈದಾಯಿತು. ಈಗ ಹೊಸ್ತಿಲು ಎಲ್ಲಿದೆ? ಲೆಕ್ಕ ಮಾಡಿದರೆ ಇಪ್ಪತ್ತರಲ್ಲಿದ್ದುದು ಅರವತ್ತಕ್ಕೆ ಏರಿದೆ! ನಿನ್ನೆ ಬೆಳೆಯುತ್ತಿದ್ದ ನಲವತ್ತರ ಗುಂಪು ಇಂದು ಅಳಿಯುವ ಗುಂಪಾಯಿತು. ಅದರಲ್ಲಿ ಈಗಲೂ ನಲವತ್ತು ಹಕ್ಕಿಗಳಿವೆ. ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣದು. ಕಾಯಿ ಕದಲಲಿಲ್ಲ, ಏರಿಯೇ ಸರಿದುಬಿಟ್ಟಿತು. ಸಾವು ಇನ್ನೂ ಹೆಚ್ಚಿದರೆ ಹೊಸ್ತಿಲು ಮೇಲಕ್ಕೇರುತ್ತ, ತುಂಬು ಸಂಖ್ಯೆ ಕೆಳಕ್ಕಿಳಿಯುತ್ತ, ಎರಡೂ ಒಂದಾಗಿ ಅಡಗಿಬಿಡುತ್ತವೆ. ಆಮೇಲೆ ಉಳಿಯುವ ಸಮತೋಲ ಸೊನ್ನೆಯೊಂದೇ. ನಮ್ಮ ಅಂಕಿಗಳಂತೆ ಸಾವು ನೂರಕ್ಕೆ ಇಪ್ಪತ್ತನ್ನು ಮುಟ್ಟುವ ಮೊದಲೇ ಹಾಗಾಗುತ್ತದೆ. ಆಗ ಸಾವಿರ ಹಕ್ಕಿಗಳಿದ್ದರೂ ಗತಿ ಒಂದೇ. ಥಾರ್ ಪ್ರದೇಶದಲ್ಲಿ ತಂತಿಗಳಿಂದಲೇ ವರ್ಷಕ್ಕೆ ನೂರಕ್ಕೆ ಸುಮಾರು ಹದಿನೈದು ಹಕ್ಕಿಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆಯೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕಾಗದದ ಲೆಕ್ಕ ನೆಲದ ಮೇಲೆ ನಡೆಯುತ್ತದೆಯೇ ಎಂದು ಕೇಳಬಹುದು. ಆಲೀ ಮೀನುಗಳನ್ನು ಎಣಿಸುತ್ತಿದ್ದ ಕಾಲಕ್ಕೇ ಅವನ ದೇಶದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಹೀತ್ ಹೆನ್ ಎಂಬ ಬಯಲುಕೋಳಿಯ ಕಥೆ ಮುಗಿಯುತ್ತಿತ್ತು. ಅದರ ಗಂಡೂ ಎರೆಭೂತದಂತೆಯೇ ಬಯಲಲ್ಲಿ ನಿಂತು ದನಿಗೈದು ಹೆಣ್ಣನ್ನು ಕರೆಯುವಂಥದು. 1908ರಲ್ಲಿ ಅದಕ್ಕಾಗಿ ರಕ್ಷಿತ ಪ್ರದೇಶವನ್ನು ಏರ್ಪಡಿಸಿದ ಮೇಲೆ ನೂರಕ್ಕೂ ಕಡಿಮೆಯಿದ್ದ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಎರಡು ಸಾವಿರದ ಹತ್ತಿರ ಬಂದುವು. 1916ರಲ್ಲಿ ಕಾಡುಕಿಚ್ಚು ಬಿದ್ದಿತು. ಹಿಂದೆಯೇ ಕಠಿಣವಾದ ಚಳಿಗಾಲವೂ ಗಿಡುಗಗಳೂ ಬಂದುವು. ಕಾವಲು ಹಾಗೆಯೇ ಇತ್ತು, ಬೇಟೆ ಇರಲಿಲ್ಲ; ಆದರೂ ಗುಂಪು ಮತ್ತೆ ಚೇತರಿಸಲಿಲ್ಲ. 1927ರ ಹೊತ್ತಿಗೆ ಹನ್ನೆರಡು ಹದಿಮೂರು ಉಳಿದಿದ್ದುವು. ಅವುಗಳಲ್ಲಿ ಹೆಚ್ಚಿನವು ಗಂಡುಗಳು. ಕೊನೆಯ ಗಂಡು ಯಾರೂ ಬಾರದ ಬಯಲಿನಲ್ಲಿ ಕರೆಕರೆದು 1932ರಲ್ಲಿ ಕಣ್ಮರೆಯಾಯಿತು. ಲೆಕ್ಕದಲ್ಲಿ ಹಕ್ಕಿಯ ಮೂರನೆಯ ಒಂದು ಪಾಲು ಸಾಯಬಹುದು. ಬಯಲಿನಲ್ಲಿ ಸಾಯುವುದು ಇಡೀ ಹಕ್ಕಿ. ಹತ್ತು ಹಕ್ಕಿಗಳ ಗುಂಪಿನಲ್ಲಿ ಹುಟ್ಟಿದ ಮರಿಗಳೆಲ್ಲ ಗಂಡಾದರೆ ಆ ಒಂದು ದುರ್ದೈವವೇ ಸಾಕು. ಆದುದರಿಂದ ಹೊಸ್ತಿಲೆಂಬುದು ಗೀಚಿಟ್ಟ ಗೆರೆಯಲ್ಲ, ಅಗಲವಾದ ಒಂದು ಪಟ್ಟಿ. ಅದರ ಸ್ವಲ್ಪ ಮೇಲಿರುವವರೂ ನಿಶ್ಚಿಂತರಲ್ಲ.

ಇನ್ನು ರಾಣೆಬೆನ್ನೂರಿಗೆ ಬರೋಣ. ಅಲ್ಲಿಯ ಕುರುಚಲು ಬಯಲಿನ ಬಹುಭಾಗವನ್ನು ಪಾಳುನೆಲವೆಂದು ಬಗೆದು ನೀಲಗಿರಿ ಮರಗಳನ್ನು ನೆಡಲಾಗಿತ್ತು. 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಧಾಮವಾಯಿತು. ಎರೆಭೂತಕ್ಕೂ ಅದೇ ಆಶ್ರಯವಾಗಬೇಕಿತ್ತು. ಕೃಷ್ಣಮೃಗಗಳು ಹೆಚ್ಚಿ ಸಾವಿರಾರಾದುವು. ಸುತ್ತಲಿನ ರೈತರು ಬೆಳೆ ಉಳಿಸಿಕೊಳ್ಳಲು ರಾತ್ರಿ ಕಾವಲಿರಬೇಕಾಗುವಷ್ಟು ಹೆಚ್ಚಿದುವು. ಬೆರಳೆಣಿಕೆಯಷ್ಟಿದ್ದ ಎರೆಭೂತಗಳು ಮಾತ್ರ ಇಲ್ಲವಾದುವು. ಒಂದೇ ಬೇಲಿ, ಒಂದೇ ಕಾವಲು. ಫಲ ಎರಡು ಬಗೆ. ಕೃಷ್ಣಮೃಗ ಹಿಂಡಿನಲ್ಲಿ ಬದುಕುವ ಪ್ರಾಣಿ, ಹೆಣ್ಣಿಗೆ ಗಂಡು ಸಮೀಪದಲ್ಲೇ ಇರುತ್ತದೆ. ಆರು ತಿಂಗಳಿಗೆ ಮರಿ ಹಾಕುತ್ತದೆ. ಅದರ ಹೊಸ್ತಿಲು ಬಹಳ ತಗ್ಗು; ಚಿಕ್ಕ ಹಿಂಡೂ ದಾಟಿಬಿಟ್ಟಿತು. ವರ್ಷಕ್ಕೆ ಒಂದು ಮೊಟ್ಟೆಯ, ಬಯಲೆಲ್ಲ ಅಲೆದು ಜೊತೆ ಹುಡುಕುವ ಹಕ್ಕಿಗೆ ಅದೇ ಹೊಸ್ತಿಲು ಗೋಡೆಯಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಕ್ಕಿ ಹೋದುದು ನೀಲಗಿರಿಯಿಂದಲೋ, ಸಂಖ್ಯೆ ಸಾಲದೆಯೋ? ಸಂಖ್ಯೆ ಇಳಿಯುತ್ತಿದೆಯೆಂಬುದರಿಂದಲೇ ಹೊಸ್ತಿಲಿನ ಮಾತನ್ನು ಸಾಧಿಸಲಾಗದು; ಹುಲ್ಲು ಹೋದರೂ ಸಂಖ್ಯೆ ಇಳಿಯುತ್ತದೆ. ತಿಳಿಯುವ ಬಗೆ, ತಲೆಯನ್ನು ಎಣಿಸುವುದರ ಜೊತೆಗೆ ಮರಿಯನ್ನೂ ಎಣಿಸುವುದು. ಮೇವು ಚೆನ್ನಾಗಿದ್ದು, ಹೆಣ್ಣುಗಳು ಪುಷ್ಟವಾಗಿದ್ದು, ಆದರೂ ಹತ್ತು ಹೆಣ್ಣಿಗೆ ಸಿಗುವ ಮರಿಗಳು ದೊಡ್ಡ ಗುಂಪಿಗಿಂತ ಚಿಕ್ಕ ಗುಂಪಿನಲ್ಲಿ ಕಡಿಮೆಯಾದರೆ, ಆಗ ಕಾರಣ ಹೊಸ್ತಿಲು. ಕಚ್ಛದ ನಲಿಯಾ ಬಯಲಿನಲ್ಲಿ ಇದು ಸಂದೇಹಕ್ಕೆಡೆಯಿಲ್ಲದಂತೆ ಕಂಡುಬಂತು: ಅಲ್ಲಿ ಹೆಣ್ಣುಗಳು ಉಳಿದುವು, ಗಂಡು ಒಂದೂ ಉಳಿಯಲಿಲ್ಲ. ಅಂಥ ಕಡೆ ಹುಲ್ಲು ಎಷ್ಟು ಸೊಂಪಾಗಿ ಬೆಳೆದರೇನು?

ಹಾನಿಯ ನಿಜವಾದ ತೂಕ ಇಲ್ಲಿದೆ. ಹೊಸ್ತಿಲಿಲ್ಲದ ಜೀವಿಯಾದರೆ ಕೆಡಿಸಿದ್ದನ್ನು ಸರಿಪಡಿಸಿದ ಮರುಕ್ಷಣದಿಂದ ಮೇಲೇಳಲು ತೊಡಗುತ್ತದೆ. ಹೊಸ್ತಿಲಿನ ಜೀವಿಗೆ ಹೋದ ದಾರಿಯಲ್ಲಿ ಮರಳುವುದು ಸಾಧ್ಯವಿಲ್ಲ. ನೀಲಗಿರಿಯನ್ನು ಕಡಿದು ಹುಲ್ಲು ಬೆಳೆಸಿದರೆ ಏರಿ ತನ್ನ ಹಳೆಯ ಜಾಗಕ್ಕೆ ಬರುತ್ತದೆ ನಿಜ; ಆದರೆ ಕಾಯಿ ಆಗಲೇ ಗದ್ದೆಯ ಕಡೆಗೆ ಉರುಳಿಯಾಗಿದೆ. ಅದನ್ನು ಕೈಯಾರೆ ಎತ್ತಿ ಈಚೆಗೆ ತರಬೇಕು. ಉಳಿದಿರುವ ಉಪಾಯಗಳು ಎರಡೇ: ಸಾವನ್ನು ತಗ್ಗಿಸಿ ಹೊಸ್ತಿಲನ್ನು ಇಳಿಸುವುದು, ಹೊರಗಿನಿಂದ ಹಕ್ಕಿ ತಂದು ಸಂಖ್ಯೆಯನ್ನು ಏರಿಸುವುದು. ತಂತಿಗಳನ್ನು ನೆಲದೊಳಗೆ ಹೂಳಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ವಿಧಿಸಿ 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಿದ್ದು ಮೊದಲನೆಯದಕ್ಕೆ ಸೇರಿದ ವ್ಯವಹಾರ. ಜೈಸಲ್ಮೇರಿನಲ್ಲಿ 2019ರಿಂದ ಮೊಟ್ಟೆಗಳನ್ನು ತಂದು ಕಾವು ಕೊಟ್ಟು ಮರಿ ಸಾಕುತ್ತಿರುವುದೂ, 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿಸಿದ್ದೂ ಎರಡನೆಯದಕ್ಕೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಪ್ರಯೋಜನವಿಲ್ಲ. ಹೊಸ್ತಿಲು ಅರವತ್ತರಲ್ಲೇ ನಿಂತಿರುವಾಗ ಮೂವತ್ತು ಹಕ್ಕಿಗಳನ್ನು ಬಿಟ್ಟರೆ ಕೆಲವು ವರ್ಷಗಳಲ್ಲಿ ಆ ಮೂವತ್ತನ್ನೂ ಕಳೆದುಕೊಂಡಂತೆ.

ನಮ್ಮ ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಳ ಧಾಮವಾಗಿದೆ. ನಾಲ್ಕು ಕೊಂಬಿನ ಈ ಪುಟ್ಟ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಪೊದೆಯ ಮರೆಯಲ್ಲಿ ಬದುಕುತ್ತದೆ. ಸುತ್ತಲೂ ಹೊಲಗಳಿರುವ ಕಾಡಿಗೆ ಹೊರಗಿನಿಂದ ಹೊಸ ಜೊತೆ ಬರುವುದು ಸುಲಭವಲ್ಲ. ಅಲ್ಲಿ ಎಷ್ಟು ಪ್ರಾಣಿಗಳಿವೆ ಎಂಬುದರ ಜೊತೆಗೆ, ತಾಯಿಯ ಹಿಂದೆ ಮರಿ ಎಷ್ಟು ಕಂಡುವು ಎಂದು ವರ್ಷವರ್ಷವೂ ಕೇಳುವುದು ಒಳ್ಳೆಯದು. ಹಾಳೂರಿನ ಕಥೆಯೂ ಅದನ್ನೇ ಹೇಳುತ್ತದೆ. ಬೇಚರಾಕ್ ಎಂದು ದಫ್ತರದಲ್ಲಿ ಬರೆಯುವುದು ಕೊನೆಯ ದೀಪ ಆರಿದ ಮೇಲೆ. ಆದರೆ ಊರಿನ ವಿಧಿ ತೀರ್ಮಾನವಾದದ್ದು ಎಷ್ಟೋ ವರ್ಷ ಮೊದಲು, ಹತ್ತು ಮನೆಗಳಲ್ಲಿ ಇನ್ನೂ ದೀಪ ಉರಿಯುತ್ತಿದ್ದಾಗ, ಕಮ್ಮಾರ ಕುಲುಮೆಯನ್ನು ಗಾಡಿಗೆ ಹೇರಿದ ದಿನ.